ಕೋಣೆಯೊಳಗೆ ಹಿಡಿಸುವ ಅತಿ ಉದ್ದದ ಕೋಲು ಎಷ್ಟು? ಆಯತಘನದ ಕರ್ಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳೆಲ್ಲ ಬಹುಮಟ್ಟಿಗೆ ಒಂದೇ ಕೋಣೆಯ ಸುತ್ತ ಸುತ್ತುತ್ತವೆ: ಉದ್ದ 14 ಅಡಿ, ಅಗಲ 12 ಅಡಿ, ಎತ್ತರ 10 ಅಡಿ. ಅದರೊಳಗೆ ಇಡಬೇಕಾದದ್ದು 20 ಅಡಿಯ ಒಂದು ಪೈಪು. ನೆಲದ ಮೇಲೆ ಮೂಲೆಯಿಂದ ಮೂಲೆಗೆ ಮಲಗಿಸಿದರೂ ಅದು ಹಿಡಿಸುವುದಿಲ್ಲ, ಓರೆಯಾಗಿ ಎತ್ತಿ ನಿಲ್ಲಿಸಿದರೆ ಹಿಡಿಸುತ್ತದೆ. ಹಿಡಿಸಿದರೂ ಬಾಗಿಲಿನಿಂದ ಒಳಗೆ ತರಲು ಆಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಪರೀಕ್ಷೆಯ ಲೆಕ್ಕಗಳಲ್ಲಿ ಆ ಎರಡನೆಯ ಪ್ರಶ್ನೆ ಬರುವುದಿಲ್ಲ, ಮನೆ ಕಟ್ಟುವಲ್ಲಿ ಮಾತ್ರ ಖಂಡಿತ ಬರುತ್ತದೆ.

ಸೂತ್ರ ಯಾವುದು? ಯಾವ ಕರ್ಣದ ಬಗ್ಗೆ ಮಾತಾಡುತ್ತಿದ್ದೇವೆ?

ಆಯತಘನದಲ್ಲಿ ಎರಡು ಬಗೆಯ ಕರ್ಣಗಳಿವೆ. ಒಂದು ಬಗೆಯದು ಯಾವುದಾದರೊಂದು ಮುಖದ ಮೇಲೆಯೇ ಮಲಗಿರುತ್ತದೆ. ನೆಲದ ಒಂದು ಮೂಲೆಯಿಂದ ನೆಲದ್ದೇ ಎದುರು ಮೂಲೆಗೆ ಎಳೆದ ಗೆರೆ ಅಂಥದ್ದು; ಗೋಡೆಗಳ ಮೇಲೂ ಸೂರಿನ ಮೇಲೂ ಅಂಥವು ಇರುತ್ತವೆ. ಇನ್ನೊಂದು ಬಗೆಯದು ಯಾವ ಮುಖದ ಮೇಲೂ ಇರದೆ ಕೋಣೆಯ ಒಳಗಿನ ಗಾಳಿಯಲ್ಲಿ ಹಾದುಹೋಗುತ್ತದೆ: ನೆಲದ ಒಂದು ಮೂಲೆಯಿಂದ ಹೊರಟು, ಅದಕ್ಕೆ ಪೂರ್ತಿ ಎದುರಾಗಿರುವ ಸೂರಿನ ಮೂಲೆಯನ್ನು ಮುಟ್ಟುತ್ತದೆ. ಕೋಲಿನ ಲೆಕ್ಕಕ್ಕೆ ಬೇಕಾದದ್ದು ಈ ಎರಡನೆಯದು. ಉದ್ದ l, ಅಗಲ b, ಎತ್ತರ h ಆದರೆ ಅದರ ಅಳತೆ:

d = √(l² + b² + h²)

ನಮ್ಮ ಕೋಣೆಗೆ 14² + 12² + 10² = 196 + 144 + 100 = 440. ಇದರ ವರ್ಗಮೂಲಕ್ಕೆ ಕ್ಯಾಲ್ಕುಲೇಟರ್ ಕೂಡ ಬೇಡ. 21ರ ವರ್ಗ 441, ಅಂದರೆ 440 ಅದಕ್ಕಿಂತ ಒಂದೇ ಒಂದು ಕಡಿಮೆ. ಆ ಒಂದನ್ನು 21ರ ಎರಡರಷ್ಟರಿಂದ, ಅಂದರೆ 42ರಿಂದ ಭಾಗಿಸಿದರೆ 0.024. ಅಷ್ಟನ್ನು 21ರಿಂದ ಕಳೆದರೆ 20.976 ಅಡಿ. ಟೇಪಿನ ಭಾಷೆಯಲ್ಲಿ 20 ಅಡಿ 11¾ ಇಂಚಿಗೆ ಕೂದಲೆಳೆಯಷ್ಟು ಕಡಿಮೆ.

ಮೂರು ವರ್ಗಗಳನ್ನು ಕೂಡಿಸುವುದು ಏಕೆ? ಪೈಥಾಗೊರಸ್ ಪ್ರಮೇಯದಲ್ಲಿ ಇರುವುದು ಎರಡೇ ಅಲ್ಲವೇ?

ಎರಡೇ. ಆದರೆ ಇಲ್ಲಿ ಆ ಪ್ರಮೇಯವನ್ನು ಎರಡು ಸಲ ಬಳಸುತ್ತೇವೆ.

ಮೊದಲು ನೆಲವನ್ನು ಮಾತ್ರ ನೋಡಿ. 14 ಅಡಿಯ ಬದಿಯೂ 12 ಅಡಿಯ ಬದಿಯೂ ಮೂಲೆಯಲ್ಲಿ ಲಂಬವಾಗಿ ಸೇರುತ್ತವೆ. ಹಾಗಾಗಿ ನೆಲದ ಕರ್ಣದ ವರ್ಗ 196 + 144 = 340, ಕರ್ಣ 18.44 ಅಡಿ. ಈಗ ಆ ನೆಲದ ಕರ್ಣ ಮುಗಿಯುವ ಮೂಲೆಯಲ್ಲಿ ನಿಂತು ತಲೆ ಎತ್ತಿ ನೋಡಿ. ಎರಡು ಗೋಡೆಗಳು ಕೂಡುವ ಅಂಚು ನೆಟ್ಟಗೆ 10 ಅಡಿ ಮೇಲಕ್ಕೆ ಹೋಗುತ್ತದೆ. ಆ ಅಂಚು ನೆಲದ ಎಲ್ಲ ಗೆರೆಗಳಿಗೂ ಲಂಬ, ಆದ್ದರಿಂದ ನೆಲದ ಕರ್ಣಕ್ಕೂ ಲಂಬ. ಎರಡನೆಯ ಲಂಬಕೋನ ತ್ರಿಭುಜ ಸಿಕ್ಕಿದ್ದು ಇಲ್ಲಿ: ಒಂದು ಬಾಹು ನೆಲದ ಕರ್ಣ, ಇನ್ನೊಂದು ಬಾಹು ಮೂಲೆಯ ಅಂಚು, ವಿಕರ್ಣ ನಮಗೆ ಬೇಕಾದ ಕೋಲು. 340 + 100 = 440.

ಈ ಹಂತದಲ್ಲಿ ಮಕ್ಕಳು ಹೆಚ್ಚಾಗಿ ತಪ್ಪುವುದು ಒಂದೇ ಕಡೆ. √340 ಅನ್ನು 18.44 ಎಂದು ಬಿಡಿಸಿ, ಅದನ್ನು ಮತ್ತೆ ವರ್ಗ ಮಾಡಿ, ನಡುವೆ ಒಂದಿಷ್ಟು ದಶಮಾಂಶ ಕಳೆದುಕೊಳ್ಳುತ್ತಾರೆ. ಬಿಡಿಸುವ ಅಗತ್ಯವೇ ಇಲ್ಲ. 340 ಎಂಬ ವರ್ಗವನ್ನೇ ಕೈಯಲ್ಲಿ ಹಿಡಿದುಕೊಂಡು ಮುಂದಿನ ತ್ರಿಭುಜಕ್ಕೆ ಹೋದರೆ ಆಯಿತು.

ಇದಕ್ಕಿಂತ ಉದ್ದದ ಕೋಲು ಬೇರೆ ಯಾವುದೋ ಓರೆಯಲ್ಲಿ ಹಿಡಿಸುವುದಿಲ್ಲ ಎಂದು ಹೇಗೆ ಹೇಳುತ್ತೀರಿ?

ಸೂತ್ರ ಬಾಯಿಗೆ ಬಂದವರಲ್ಲಿ ಈ ಪ್ರಶ್ನೆ ಕೇಳುವವರು ಕಡಿಮೆ. ಉತ್ತರ ಚಿಕ್ಕದು, ಸಂಪೂರ್ಣವೂ ಹೌದು.

ಕೋಲನ್ನು ಕೋಣೆಯೊಳಗೆ ನಿಮಗೆ ಇಷ್ಟ ಬಂದ ಹಾಗೆ ಇಡಿ. ಅದರ ಎರಡು ತುದಿಗಳ ನಡುವಿನ ಅಂತರವನ್ನು ಮೂರು ದಿಕ್ಕಿನಲ್ಲಿ ಬಿಡಿಸಿ ನೋಡಿ: ಉದ್ದದ ದಿಕ್ಕಿನಲ್ಲಿ ಎಷ್ಟು ದೂರ, ಅಗಲದ ದಿಕ್ಕಿನಲ್ಲಿ ಎಷ್ಟು, ಎತ್ತರದಲ್ಲಿ ಎಷ್ಟು. ಎರಡು ತುದಿಗಳೂ ಕೋಣೆಯೊಳಗೇ ಇರುವುದರಿಂದ ಮೊದಲನೆಯದು 14 ಅಡಿ ದಾಟಲಾರದು, ಎರಡನೆಯದು 12 ದಾಟಲಾರದು, ಮೂರನೆಯದು 10 ದಾಟಲಾರದು. ಕೋಲಿನ ಉದ್ದದ ವರ್ಗ ಎಂದರೆ ಈ ಮೂರರ ವರ್ಗಗಳ ಮೊತ್ತ. ಅಂದ ಮೇಲೆ ಅದು 440 ದಾಟಲಾರದು. ಮೂರೂ ಒಟ್ಟಿಗೆ ತಮ್ಮ ಗರಿಷ್ಠ ಮುಟ್ಟಬೇಕಾದರೆ ಒಂದು ತುದಿ ಒಂದು ಮೂಲೆಯಲ್ಲಿ, ಮತ್ತೊಂದು ತುದಿ ಪೂರ್ತಿ ಎದುರು ಮೂಲೆಯಲ್ಲಿ ಇರಲೇಬೇಕು.

ಈ ವಾದದಲ್ಲಿ ಕೋನದ ಮಾತೇ ಬರಲಿಲ್ಲ ಎಂಬುದನ್ನು ಗಮನಿಸಿ. ಯಾವ ಓರೆಯಲ್ಲಿ ಇಟ್ಟರೆ ಉತ್ತಮ ಎಂದು ಒಂದೊಂದೇ ಕೋನವನ್ನು ಪರೀಕ್ಷಿಸುವ ಕೆಲಸ ತಪ್ಪಿತು.

ಇಂಥ ಕರ್ಣ ಒಂದೇ ಇದೆಯೇ? ಅಟ್ಟ, ಸಜ್ಜಾ, ಫ್ಯಾನು ಅಡ್ಡ ಬಂದರೆ?

ನಾಲ್ಕು ಇವೆ, ನಾಲ್ಕೂ ಸಮ. ನೆಲದ ನಾಲ್ಕು ಮೂಲೆಗಳಲ್ಲಿ ಪ್ರತಿಯೊಂದರಿಂದಲೂ ಒಂದೊಂದು ಹೊರಡುತ್ತದೆ, ಸೂರಿನ ನಾಲ್ಕು ಮೂಲೆಗಳಲ್ಲಿ ಒಂದೊಂದನ್ನು ಸೇರುತ್ತದೆ. ಸೂರಿನ ಒಂದು ಮೂಲೆಗೆ ಒಂದೇ ಕರ್ಣ. ಒಂದು ಗೋಡೆಯುದ್ದಕ್ಕೂ 7 ಅಡಿ ಎತ್ತರದಲ್ಲಿ ಅಟ್ಟ ಇದ್ದರೆ ಅದು ಸೂರಿನ ಎರಡು ಮೂಲೆಗಳನ್ನು ನುಂಗಿಬಿಡುತ್ತದೆ, ಆ ಎರಡು ಕರ್ಣಗಳು ಹೋದವು. ಉಳಿದ ಎರಡು ಹಾಗೇ ಇವೆ: ಅವುಗಳ ಕೆಳತುದಿ ಅಟ್ಟದ ಅಡಿಯ ನೆಲದ ಮೂಲೆಯಲ್ಲಿ, ಮೇಲ್ತುದಿ ಎದುರು ಗೋಡೆಯ ಸೂರಿನ ಮೂಲೆಯಲ್ಲಿ. ಕೋಲು ಅಟ್ಟದ ಕೆಳಗೆ ಹಾದುಹೋಗುವಾಗ ಇನ್ನೂ ನೆಲದ ಹತ್ತಿರವೇ ಇರುವುದರಿಂದ ಅದಕ್ಕೆ ತಗಲುವುದಿಲ್ಲ.

ಫ್ಯಾನಿನ ಬಗ್ಗೆ ಅನಗತ್ಯವಾಗಿ ಹೆದರುತ್ತಾರೆ. ನಾಲ್ಕೂ ಕರ್ಣಗಳು ಕೋಣೆಯ ನಟ್ಟನಡುವೆ, ಅರ್ಧ ಎತ್ತರದಲ್ಲಿ ಒಂದನ್ನೊಂದು ಕತ್ತರಿಸುತ್ತವೆ. ನಮ್ಮ ಕೋಣೆಯಲ್ಲಿ ಅದು ನೆಲದಿಂದ 5 ಅಡಿ. ಫ್ಯಾನಿನ ರೆಕ್ಕೆ ಅದಕ್ಕಿಂತ ಬಹಳ ಮೇಲಿರುತ್ತದೆ. ನಿಜವಾಗಿ ಅಡ್ಡ ಬರುವುದು ನಡುವೆ ನಿಂತ ಬೀರು, ಇಲ್ಲವೇ ಸೂರಿನ ಮೂಲೆಗೆ ಹತ್ತಿರವಾಗಿ ಕೆಳಗಿಳಿದ ಬೀಮು.

ಹಾಗಾದರೆ 20 ಅಡಿಯ ಪೈಪನ್ನು ಹೇಗೆ ಇಡಬೇಕು? ಅದು ಸೂರಿಗೆ ತಗಲುತ್ತದೆಯೇ?

ತಗಲುವುದಿಲ್ಲ. ಒಂದು ತುದಿಯನ್ನು ನೆಲದ ಮೂಲೆಗೆ ಒತ್ತಿಟ್ಟು, ಇನ್ನೊಂದು ತುದಿಯನ್ನು ಎದುರು ಮೂಲೆಯ ಅಂಚಿಗೆ ಒರಗಿಸಿ. ಆ ತುದಿ ಎಷ್ಟು ಎತ್ತರದಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಅದೇ ಎರಡನೆಯ ತ್ರಿಭುಜವನ್ನು ಹಿಂದುಮುಂದಾಗಿ ಬಳಸಬೇಕು: 20² − 340 = 60, √60 = 7.75. ಅಂದರೆ 7 ಅಡಿ 9 ಇಂಚು. ಸೂರಿಗೆ ಇನ್ನೂ 2 ಅಡಿ 3 ಇಂಚು ಜಾಗ ಉಳಿಯಿತು. ಅಟ್ಟ ಇರುವ ಮೂಲೆಗೆ ಮಾತ್ರ ಇದನ್ನು ಒರಗಿಸಲು ಬರುವುದಿಲ್ಲ, 7 ಅಡಿಗೇ ಅಟ್ಟದ ಅಡಿಭಾಗ ಬಂದುಬಿಡುತ್ತದೆ.

ಕೆಲಸದ ಜಾಗದಲ್ಲಿ ಪೂರ್ತಿ ಕರ್ಣಕ್ಕಿಂತ ಈ ಲೆಕ್ಕವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಪೈಪಿನ ಉದ್ದ ಗೊತ್ತಿರುತ್ತದೆ, ನೆಲದ ಕರ್ಣವನ್ನು ಟೇಪು ಹಿಡಿದು ಅಳೆಯಬಹುದು, ಬೇಕಾದ ಎತ್ತರ ತಾನೇ ಸಿಗುತ್ತದೆ. ಹಾಗೆಯೇ ಅಂಗಡಿಯವರು 20 ಅಡಿ ಎನ್ನುವ ಪೈಪು ಹಲವು ಸಲ 6 ಮೀಟರಿನದು, ಅಂದರೆ 19 ಅಡಿ 8 ಇಂಚು. ಅದಾದರೆ ತುದಿ 6 ಅಡಿ 10½ ಇಂಚಿನ ಸುಮಾರಿಗೆ ನಿಲ್ಲುತ್ತದೆ. ಉದ್ದದಲ್ಲಿ ನಾಲ್ಕು ಇಂಚು ಕಡಿಮೆಯಾಗಿದ್ದಕ್ಕೆ ತುದಿ ಹತ್ತಿಂಚಿನಷ್ಟು ಇಳಿಯಿತು. ಓರೆ ಕಡಿಮೆ ಇರುವಾಗ ಎತ್ತರ ಹೀಗೆಯೇ ಬೇಗ ಬದಲಾಗುತ್ತದೆ, ಆದ್ದರಿಂದ ಪೈಪನ್ನು ಅಳೆದೇ ಮುಂದುವರಿಯಿರಿ.

ಕೋಣೆಯಲ್ಲಿ ಹಿಡಿಸುತ್ತದೆ ಸರಿ, ಬಾಗಿಲಿನಿಂದ ಒಳಗೆ ಬರುತ್ತದೆಯೇ?

ಇಲ್ಲಿ ನಿಧಾನವಾಗಿ ಯೋಚಿಸಬೇಕು. ಕೋಲು ಒಳಗೆ ಬರುವಾಗ ಕಟ್ಟಕಡೆಗೆ ಬಾಗಿಲು ದಾಟುವುದು ಅದರ ಹಿಂದಿನ ತುದಿ. ಆ ಗಳಿಗೆಯಲ್ಲಿ ಹಿಂದಿನ ತುದಿ ಬಾಗಿಲಿನ ತೆರಪಿನಲ್ಲಿ ಎಲ್ಲೋ ಒಂದು ಕಡೆ ಇರುತ್ತದೆ, ಉಳಿದ ಕೋಲೆಲ್ಲ ಕೋಣೆಯೊಳಗಿರುತ್ತದೆ. ಹಾಗಾಗಿ ಒಳಗೆ ಬರಬಲ್ಲ ಕೋಲಿನ ಉದ್ದ, ಬಾಗಿಲಿನ ತೆರಪಿನ ಯಾವುದಾದರೂ ಬಿಂದುವಿನಿಂದ ಕೋಣೆಯ ಅತಿ ದೂರದ ಬಿಂದುವಿಗೆ ಇರುವ ಅಂತರವನ್ನು ಮೀರಲಾರದು. ಕೋಣೆಯ ಕರ್ಣ ಎಷ್ಟೇ ಇರಲಿ, ಈ ಮಿತಿ ಬೇರೆಯೇ.

ನಮ್ಮ ಕೋಣೆಯಲ್ಲಿ 14 ಅಡಿಯ ಗೋಡೆಗೆ 3 ಅಡಿ ಅಗಲದ, 7 ಅಡಿ ಎತ್ತರದ ಬಾಗಿಲು ಇದೆ ಎನ್ನೋಣ. ಮನೆ ಕಟ್ಟುವವರು ಹಲವು ಕಡೆ ಮಾಡುವಂತೆ, ಚೌಕಟ್ಟನ್ನು ಎಡಮೂಲೆಯಿಂದ 4 ಇಂಚು ಬಿಟ್ಟು ಕೂರಿಸಿದ್ದಾರೆ. ಚೌಕಟ್ಟಿನ ಎಡ ಅಂಚಿನ ಬುಡದಿಂದ ಅತಿ ದೂರದ ಬಿಂದು ಎಂದರೆ ಎದುರು ಗೋಡೆಯ ಬಲತುದಿಯ ಸೂರಿನ ಮೂಲೆ. ಉದ್ದದಲ್ಲಿ 13 ಅಡಿ 8 ಇಂಚು, ಅಗಲದಲ್ಲಿ 12 ಅಡಿ, ಎತ್ತರದಲ್ಲಿ 10 ಅಡಿ. ವರ್ಗಗಳ ಮೊತ್ತ 186.8 + 144 + 100 = 430.8, ವರ್ಗಮೂಲ 20.76 ಅಡಿ. 20 ಅಡಿಯ ಪೈಪಿಗೆ 9 ಇಂಚು ಮಿಕ್ಕಿತು.

ಇಷ್ಟಾದರೂ ಒಂದು ಅನುಮಾನ ಉಳಿಯುತ್ತದೆ. ಒಳಗೆ ಮೇಲಕ್ಕೆ ಓರೆಯಾಗಿರುವ ಕೋಲಿನ ಹೊರಗಿನ ಭಾಗ ನೆಲದೊಳಗೆ ಹೋಗಬೇಕಾಗುವುದಿಲ್ಲವೇ? ಮೊದಲಿನಿಂದಲೇ ಓರೆಯಾಗಿ ತೂರಿಸಲು ಹೋದರೆ ಹಾಗೇ ಆಗುತ್ತದೆ, ಅದಕ್ಕೇ ಹಾಗೆ ಮಾಡಬಾರದು. ಪೈಪನ್ನು ನೆಲದ ಮೇಲೆ ಮಲಗಿಸಿ ತಳ್ಳಿಕೊಂಡು ಹೋಗಿ, ಮುಂತುದಿ ಎದುರಿನ ಬಲಮೂಲೆಯನ್ನು ಮುಟ್ಟುವವರೆಗೆ. ಚೌಕಟ್ಟಿನ ಎಡ ಬುಡದಿಂದ ಆ ಮೂಲೆಗೆ ನೆಲದ ಮೇಲೆ 18 ಅಡಿ 2 ಇಂಚು, ಹಾಗಾಗಿ ಪೈಪು ಸುಮಾರು 1 ಅಡಿ 10 ಇಂಚು ಹೊರಗೆ ಉಳಿದಿರುತ್ತದೆ. ಈಗ ಒಬ್ಬರು ಒಳಗೆ ನಿಂತು ಮುಂತುದಿಯನ್ನು ಮೂಲೆಯ ಅಂಚಿಗೆ ಒತ್ತಿ ಹಿಡಿದು ಮೇಲಕ್ಕೆ ಜಾರಿಸಲಿ, ಇನ್ನೊಬ್ಬರು ಹಿಂತುದಿಯನ್ನು ನೆಲದ ಮೇಲೇ ಇಟ್ಟು ಒಳಗೆ ತಳ್ಳಲಿ. ಮುಂತುದಿ ಏರಿದಂತೆಲ್ಲ ಹಿಂತುದಿ ಒಳಗೆ ಬರುತ್ತದೆ. ಮುಂತುದಿ 8 ಅಡಿ 4 ಇಂಚು ಮುಟ್ಟಿದಾಗ ಹಿಂತುದಿ ಸರಿಯಾಗಿ ಚೌಕಟ್ಟಿನ ಒಳ ಅಂಚಿನಲ್ಲಿರುತ್ತದೆ. ಅಲ್ಲಿಂದ ಅದನ್ನು ಎಡಮೂಲೆಗೆ 4 ಇಂಚು ಸರಿಸಿದರೆ ಮುಂತುದಿ ತಾನಾಗಿ 7 ಅಡಿ 9 ಇಂಚಿಗೆ ಇಳಿದು ನಿಲ್ಲುತ್ತದೆ.

ಹೊಸ್ತಿಲು 3 ಇಂಚು ಎತ್ತರ ಇದ್ದರೆ ಹಿಂತುದಿ ಅಷ್ಟು ಮೇಲೆ ಇರುತ್ತದೆ, ಮುಂತುದಿಯೂ ಅಷ್ಟೇ ಹೆಚ್ಚು ಏರಬೇಕು: 8 ಅಡಿ 7 ಇಂಚು. ಫಾಲ್ಸ್ ಸೀಲಿಂಗ್ ಹಾಕಿಸಿ ಎತ್ತರ 8½ ಅಡಿಗೆ ಇಳಿದಿದ್ದರೆ ಆ ಹೊಸ್ತಿಲೊಂದೇ ಕೆಲಸ ಕೆಡಿಸುತ್ತದೆ.

ಬಾಗಿಲು ಗೋಡೆಯ ನಡುವೆ ಇದ್ದರೆ?

ಬರುವುದಿಲ್ಲ. ಅದೇ 3 ಅಡಿ ಬಾಗಿಲು 14 ಅಡಿ ಗೋಡೆಯ ನಟ್ಟನಡುವೆ ಇದೆ ಎಂದರೆ, ಚೌಕಟ್ಟಿನ ಒಂದು ಅಂಚಿನಿಂದ ದೂರದ ಗೋಡೆಗೆ ಉದ್ದದ ದಿಕ್ಕಿನಲ್ಲಿ 8½ ಅಡಿ ಮಾತ್ರ. 72.25 + 144 + 100 = 316.25, ವರ್ಗಮೂಲ 17.78. ಅಂದರೆ 17 ಅಡಿ 9 ಇಂಚಿಗಿಂತ ಉದ್ದದ ಗಟ್ಟಿ ಕೋಲು ಆ ಬಾಗಿಲಿನಿಂದ ಒಳಗೆ ಬರಲಾರದು, ಕೋಣೆಯ ಕರ್ಣ ಸುಮಾರು 21 ಅಡಿ ಇದ್ದರೂ. ಮೂರು ಅಡಿಗಿಂತ ಹೆಚ್ಚು ವ್ಯತ್ಯಾಸ, ಬಾಗಿಲು ಎಲ್ಲಿದೆ ಎಂಬ ಒಂದೇ ಕಾರಣಕ್ಕೆ.

ಎಲ್ಲಿಯವರೆಗೆ ಬಾಗಿಲು ಸರಿದರೆ ಪರವಾಗಿಲ್ಲ ಎಂದೂ ಲೆಕ್ಕ ಹಾಕಬಹುದು. 20ರ ವರ್ಗ 400ರಲ್ಲಿ 144 ಮತ್ತು 100 ಕಳೆದರೆ 156, ವರ್ಗಮೂಲ 12.49. ಆದ್ದರಿಂದ ಚೌಕಟ್ಟಿನ ಅಂಚು ಮೂಲೆಯಿಂದ ಒಂದೂವರೆ ಅಡಿಗಿಂತ ದೂರ ಇರಬಾರದು. ಅದೂ ಮುಂತುದಿ ಸೂರನ್ನೇ ಮುಟ್ಟಲು ಜಾಗವಿದ್ದಾಗ.

ಕಿಟಕಿಯಿಂದ ತೂರಿಸಿದರೆ ಆಗುವುದಿಲ್ಲವೇ?

ತೆಳು ಪೈಪಾದರೆ ಕಿಟಕಿಯ ಗ್ರಿಲ್ ಸಂದಿನಲ್ಲೂ ತೂರುತ್ತದೆ, ಕೆಲಸದವರು ಹಾಗೆ ಮಾಡುವುದೂ ಉಂಟು. ಆದರೆ ಮಿತಿಯ ನಿಯಮ ಕಿಟಕಿಗೂ ಅದೇ. 12 ಅಡಿಯ ಗೋಡೆಯ ನಡುವೆ 4 ಅಡಿ ಅಗಲದ ಕಿಟಕಿ, ನೆಲದಿಂದ 3 ಅಡಿಗೆ ಶುರುವಾಗಿ 7 ಅಡಿಗೆ ಮುಗಿಯುತ್ತದೆ ಎನ್ನಿ. ಅಗಲದಲ್ಲಿ 8 ಅಡಿ, ಉದ್ದದಲ್ಲಿ 14 ಅಡಿ, ಎತ್ತರದಲ್ಲಿ 7 ಅಡಿ (ಕಿಟಕಿಯ ಕೆಳ ಅಂಚಿನಿಂದ ಸೂರಿಗೂ ಅಷ್ಟೇ, ಮೇಲಂಚಿನಿಂದ ನೆಲಕ್ಕೂ ಅಷ್ಟೇ). 64 + 196 + 49 = 309, ಅಂದರೆ 17.58 ಅಡಿ. ನಡುಬಾಗಿಲಿಗಿಂತಲೂ ಕಡಿಮೆ.

ಕೆಲವರು ಇನ್ನೂ ಮುಂದೆ ಹೋಗಿ ಕೇಳುತ್ತಾರೆ: ಬಾಗಿಲಿನಿಂದ ತೂರಿಸಿ ಮುಂತುದಿಯನ್ನು ಕಿಟಕಿಯ ಹೊರಗೆ ಚಾಚಿ, ಹಿಂತುದಿ ಒಳಬಂದ ಮೇಲೆ ಮುಂತುದಿಯನ್ನು ಒಳಕ್ಕೆ ಎಳೆದುಕೊಂಡರೆ? ಯೋಚನೆ ಚೆನ್ನಾಗಿದೆ, ಆದರೆ ಲಾಭವಿಲ್ಲ. ಆಗ ಕಡೆಗೆ ಒಳಬರುವ ತುದಿ ಕಿಟಕಿಯಲ್ಲಿರುತ್ತದೆ, ಕಿಟಕಿಯ ಮಿತಿ 17.58 ಅಡಿಯೇ ಲಾಗುವಾಗುತ್ತದೆ. ಯಾವ ತೆರಪಿನಿಂದ ಕೊನೆಯ ತುದಿ ಒಳಬರುತ್ತದೋ ಆ ತೆರಪೇ ತೀರ್ಮಾನಿಸುವುದು. ಅಂಥ ಕೋಣೆಯೊಳಗೆ 20 ಅಡಿಯ ಪೈಪು ತುಂಡಾಗದೆ ಸೇರಬೇಕಾದರೆ ಮೋಲ್ಡ್ ಹಾಕುವ ಮುಂಚೆಯೇ ಮೇಲಿನಿಂದ ಇಳಿಸಿರಬೇಕು.

ಪೈಪು ದಪ್ಪ ಇದ್ದರೆ ಸೂತ್ರ ಹಾಗೇ ನಡೆಯುತ್ತದೆಯೇ?

ಇಲ್ಲ. ಸೂತ್ರ ದಪ್ಪವಿಲ್ಲದ ಗೆರೆಗೆ ಮಾತ್ರ ಸರಿ. ದಪ್ಪ ಪೈಪಿನ ದುಂಡನೆಯ ಬಾಯಿ ಮೂಲೆಯ ಚೂಪಿನೊಳಗೆ ಹೋಗದೆ, ಮೂರು ಮುಖಗಳಿಗೂ ತಗಲಿ ಮೊದಲೇ ನಿಂತುಬಿಡುತ್ತದೆ.

ಸುಲಭವಾದ, ನಂಬಬಹುದಾದ ಒಂದು ದಾರಿ ಇದೆ. ಉದ್ದ, ಅಗಲ, ಎತ್ತರ ಮೂರರಲ್ಲೂ ಪೈಪಿನ ಹೊರವ್ಯಾಸವನ್ನು ಒಂದೊಂದು ಸಲ ಕಳೆದು, ಉಳಿದದ್ದಕ್ಕೆ ಕರ್ಣ ಹುಡುಕಿ. ಅಷ್ಟು ಉದ್ದದ ಪೈಪು ಖಂಡಿತ ಹಿಡಿಸುತ್ತದೆ. ಕಾರಣ ಇಷ್ಟು: ಪೈಪಿನ ನಡುಗೆರೆ ಎಲ್ಲ ಗೋಡೆಗಳಿಂದಲೂ, ನೆಲ ಮತ್ತು ಸೂರಿನಿಂದಲೂ ಅರ್ಧವ್ಯಾಸದಷ್ಟು ದೂರ ಉಳಿದರೆ, ಆ ಗೆರೆಯಿಂದ ಅರ್ಧವ್ಯಾಸಕ್ಕಿಂತ ದೂರ ಹೋಗದ ಪೈಪಿನ ಮೈ ಯಾವುದನ್ನೂ ದಾಟಲಾರದು. ಎರಡು ಎದುರು ಗೋಡೆಗಳಿಂದ ಅರ್ಧ ಅರ್ಧ ಬಿಟ್ಟರೆ ಒಟ್ಟು ಒಂದು ವ್ಯಾಸ.

110 ಮಿ.ಮೀ. ಪಿವಿಸಿ ಪೈಪನ್ನು ತೆಗೆದುಕೊಳ್ಳಿ, ಮಾತಿನಲ್ಲಿ ನಾಲ್ಕಿಂಚಿನ ಪೈಪು. ಹೊರವ್ಯಾಸ 0.36 ಅಡಿ. ಕೋಣೆ ಈಗ 13.64, 11.64, 9.64 ಅಡಿ ಆಯಿತು, ಕರ್ಣ 20.36 ಅಡಿ. ತೆಳುಗೆರೆಯ ಲೆಕ್ಕಕ್ಕಿಂತ ಏಳು ಇಂಚಿಗೂ ಹೆಚ್ಚು ಕಡಿಮೆ. 20 ಅಡಿಯ ಪೈಪು ಇನ್ನೂ ಹಿಡಿಸುತ್ತದೆ, ನಾಲ್ಕಿಂಚಿನ ಅಂತರದಲ್ಲಿ. ಮೂಲೆಬಾಗಿಲಿನಿಂದ ತರುವ ಲೆಕ್ಕಕ್ಕೂ ಇದೇ ಕಳೆಯುವಿಕೆ ಮಾಡಿದರೆ 20.13 ಅಡಿ ಸಿಗುತ್ತದೆ, ಉಳಿಯುವುದು ಒಂದೂವರೆ ಇಂಚು. ಅಷ್ಟು ಕಡಿಮೆ ಜಾಗ ನಂಬಿ ಗಾರೆ ಮಾಡಿ ಬಣ್ಣ ಬಳಿದ ಗೋಡೆಯ ಮೇಲೆ ಪ್ರಯೋಗಕ್ಕೆ ಇಳಿಯಬೇಡಿ. ಪೈಪಿನ ಒಂದು ತುದಿಯಲ್ಲಿ ಅಗಲವಾದ ಸಾಕೆಟ್ ಇದ್ದರೆ ಹೊರವ್ಯಾಸವನ್ನು ಅಲ್ಲೇ ಅಳೆಯಬೇಕು ಎಂಬುದೂ ನೆನಪಿರಲಿ.

ಈ ದಾರಿಯಿಂದ ಬರುವ ಉದ್ದ ಸುರಕ್ಷಿತ ಉದ್ದ. ಅದಕ್ಕಿಂತ ಒಂದಿಷ್ಟು ಉದ್ದದ್ದೂ ಹಿಡಿಸಬಹುದು, ಏಕೆಂದರೆ ಓರೆಯಾದ ಪೈಪಿನ ಬಾಯಿ ಮೂರು ದಿಕ್ಕಿನಲ್ಲೂ ಪೂರ್ತಿ ವ್ಯಾಸದಷ್ಟು ಜಾಗ ಬೇಡುವುದಿಲ್ಲ.

ಅಳತೆಯಲ್ಲಿ ಎಡವಟ್ಟಾಗುವುದು ಎಲ್ಲಿ?

ಅಡಿ–ಇಂಚನ್ನು ಚುಕ್ಕೆ ಹಾಕಿ ಬರೆಯುವುದರಲ್ಲಿ. ನಮ್ಮಲ್ಲಿ 10 ಅಡಿ 11 ಇಂಚನ್ನು 10.11 ಎಂದು ಚೀಟಿಯಲ್ಲಿ ಬರೆಯುವ ರೂಢಿ ಇದೆ. ಅದನ್ನು ಹಾಗೇ ಕ್ಯಾಲ್ಕುಲೇಟರಿಗೆ ಒತ್ತಿದರೆ ಅದು 10 ಅಡಿ ಒಂದೂಕಾಲು ಇಂಚು ಎಂದು ಓದಿಕೊಳ್ಳುತ್ತದೆ. ನಮ್ಮ ಕೋಣೆಯ ಎತ್ತರ 10 ಅಡಿ 11 ಇಂಚು ಇದ್ದಿದ್ದರೆ ಸರಿಯಾದ ಕರ್ಣ 21.43 ಅಡಿ, ತಪ್ಪಾಗಿ ಒತ್ತಿದರೆ 21.03. ಸುಮಾರು ಐದಿಂಚು ಎಲ್ಲಿ ಹೋಯಿತೆಂದು ಗೊತ್ತಾಗುವುದೇ ಇಲ್ಲ. ಇಂಚನ್ನು 12ರಿಂದ ಭಾಗಿಸಿಯೇ ಅಡಿಗೆ ಸೇರಿಸಿ, ಇಲ್ಲವೇ ಎಲ್ಲವನ್ನೂ ಇಂಚಿನಲ್ಲೇ ಮಾಡಿ. ಉತ್ತರವನ್ನು ಓದುವಾಗಲೂ ಅದೇ ಎಚ್ಚರ: 20.9 ಅಡಿ ಎಂದರೆ 20 ಅಡಿ 9 ಇಂಚಲ್ಲ, 20 ಅಡಿ 10.8 ಇಂಚು.

ಪ್ಲಾನಿನಲ್ಲಿ ಬರೆದ ಅಳತೆಯೂ ಗಾರೆಯಾದ ಮೇಲಿನ ಅಳತೆಯೂ ಒಂದೇ ಆಗಿರುವುದಿಲ್ಲ. ವ್ಯತ್ಯಾಸ ಕರ್ಣಕ್ಕೆ ಎಷ್ಟು ತಟ್ಟುತ್ತದೆ ಎಂದು ತಿಳಿಯಲು ಆ ಬದಿಯನ್ನು ಕರ್ಣದಿಂದ ಭಾಗಿಸಿ. 14ನ್ನು 20.98ರಿಂದ ಭಾಗಿಸಿದರೆ 0.67, ಅಂದರೆ ಉದ್ದದಲ್ಲಿ ಒಂದು ಇಂಚು ಕಡಿಮೆಯಾದರೆ ಕರ್ಣ ಮುಕ್ಕಾಲು ಇಂಚಿಗೂ ಕಡಿಮೆಯೇ ಕುಗ್ಗುತ್ತದೆ. ಎತ್ತರದ ಒಂದು ಇಂಚಿಗೆ ಅರ್ಧ ಇಂಚೂ ಇಲ್ಲ. ಹಾಗಾಗಿ ಹೆಚ್ಚು ಜೋಪಾನವಾಗಿ ಅಳೆಯಬೇಕಾದದ್ದು ಅತಿ ಉದ್ದದ ಬದಿಯನ್ನು.

ಕೋಣೆಯ ಮೂಲೆ ಸರಿಯಾಗಿ ಮಟ್ಟಕ್ಕೆ ಇಲ್ಲದಿದ್ದರೆ?

ನೆಲದ ಎರಡೂ ಕರ್ಣಗಳನ್ನು ಅಳೆಯಿರಿ. ಮೂಲೆಗಳು ಮಟ್ಟಕ್ಕಿದ್ದರೆ ಎರಡೂ 18 ಅಡಿ 5¼ ಇಂಚು ಬರಬೇಕು. ಒಂದು ಹೆಚ್ಚು ಒಂದು ಕಡಿಮೆ ಬಂದರೆ ಕೋಣೆ ಓರೆಯಾಗಿದೆ, l² + b² ಎಂಬ ಮೊದಲ ಹೆಜ್ಜೆ ಇನ್ನು ನಡೆಯುವುದಿಲ್ಲ. ಎರಡನೆಯ ಹೆಜ್ಜೆಗೆ ಮಾತ್ರ ಏನೂ ಆಗಿಲ್ಲ: ಗೋಡೆಗಳು ತೂಗುಗುಂಡಿಗೆ ನೆಟ್ಟಗಿರುವವರೆಗೆ, ಅಳೆದು ಸಿಕ್ಕ ಉದ್ದನೆಯ ಕರ್ಣದ ವರ್ಗಕ್ಕೆ ಎತ್ತರದ ವರ್ಗ ಸೇರಿಸಿ ವರ್ಗಮೂಲ ತೆಗೆಯಿರಿ. ಓರೆಯಾದ ಕೋಣೆಯಲ್ಲಿ ನಾಲ್ಕು ಕರ್ಣಗಳು ಸಮ ಇರುವುದಿಲ್ಲ, ಆದ್ದರಿಂದ ಯಾವ ಮೂಲೆಯಿಂದ ಯಾವ ಮೂಲೆಗೆ ಎಂಬುದನ್ನೂ ಗುರುತು ಹಾಕಿಕೊಳ್ಳಿ.

ಘನವಾದರೆ ಸೂತ್ರ ಏನಾಗುತ್ತದೆ?

ಮೂರೂ ಬದಿಗಳು a ಆದಾಗ d = a√3. 12 ಅಡಿಯ ಘನಕ್ಕೆ 20.78 ಅಡಿ. ಇದನ್ನು ನಮ್ಮ ಕೋಣೆಯ ಪಕ್ಕದಲ್ಲಿಟ್ಟು ನೋಡಿ: 14, 12, 10ರ ಮೊತ್ತ 36, 12ರ ಮೂರರಷ್ಟೂ 36. ಮೊತ್ತ ಒಂದೇ ಇದ್ದಾಗ ಘನದ ಕರ್ಣವೇ ಎಲ್ಲಕ್ಕಿಂತ ಚಿಕ್ಕದು. ಕೋಣೆ ಒಂದು ದಿಕ್ಕಿಗೆ ಚಾಚಿದಷ್ಟೂ ಕೋಲಿಗೆ ಜಾಗ ಹೆಚ್ಚು.

ಬದಿಗಳನ್ನು ಕೊಡದೆ ಮೊತ್ತ ಮತ್ತು ಮೇಲ್ಮೈ ವಿಸ್ತೀರ್ಣ ಕೊಟ್ಟು ಕರ್ಣ ಕೇಳುತ್ತಾರಲ್ಲ, ಅದು ಹೇಗೆ?

ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಬರುವ ಜಾಣ ಪ್ರಶ್ನೆ ಇದು, ನನಗೆ ಇಷ್ಟವಾದದ್ದೂ ಹೌದು. ಬದಿಗಳನ್ನು ಬೇರೆಬೇರೆಯಾಗಿ ಹುಡುಕಲು ಹೋದರೆ ಸಿಗುವುದಿಲ್ಲ, ಬೇಕಾಗಿಯೂ ಇಲ್ಲ. (l + b + h)² ಬಿಡಿಸಿದಾಗ l² + b² + h² ಜೊತೆಗೆ 2(lb + bh + hl) ಬರುತ್ತದೆ. ಮೊದಲಿನದು ಕರ್ಣದ ವರ್ಗ, ಎರಡನೆಯದು ಪೂರ್ಣ ಮೇಲ್ಮೈ ವಿಸ್ತೀರ್ಣ. ಆದ್ದರಿಂದ

d² = (l + b + h)² − ಪೂರ್ಣ ಮೇಲ್ಮೈ ವಿಸ್ತೀರ್ಣ

ನಮ್ಮ ಕೋಣೆಯ ಮೇಲೆ ಪರೀಕ್ಷಿಸಿ: ಮೊತ್ತ 36, ಅದರ ವರ್ಗ 1296. ಮೇಲ್ಮೈ ವಿಸ್ತೀರ್ಣ 2(168 + 120 + 140) = 856 ಚದರ ಅಡಿ. 1296 − 856 = 440.

ಪುಸ್ತಕದ ಲೆಕ್ಕಗಳಲ್ಲಿ ಉತ್ತರ ಯಾವಾಗಲೂ ಪೂರ್ಣಸಂಖ್ಯೆ ಬರುತ್ತದೆ, ನಮ್ಮ ಕೋಣೆಗೆ ಏಕೆ ಬರುವುದಿಲ್ಲ?

ಪುಸ್ತಕದವರು ಬದಿಗಳನ್ನು ಆರಿಸಿ ಕೊಟ್ಟಿರುತ್ತಾರೆ. 12, 9, 8ಕ್ಕೆ 17. 10, 10, 5ಕ್ಕೆ 15. ಇಂಥವನ್ನು ನೀವೂ ಮಾಡಬಹುದು: ಅಕ್ಕಪಕ್ಕದ ಎರಡು ಸಂಖ್ಯೆಗಳನ್ನೂ ಅವುಗಳ ಗುಣಲಬ್ಧವನ್ನೂ ಬದಿಗಳಾಗಿ ತೆಗೆದುಕೊಂಡರೆ ಕರ್ಣ ಆ ಗುಣಲಬ್ಧಕ್ಕಿಂತ ಒಂದು ಹೆಚ್ಚು ಬರುತ್ತದೆ. 2, 3, 6ಕ್ಕೆ 7. 3, 4, 12ಕ್ಕೆ 13.

ಕಷ್ಟ ಶುರುವಾಗುವುದು ಮುಖಗಳ ಕರ್ಣಗಳೂ ಪೂರ್ಣಸಂಖ್ಯೆಗಳೇ ಆಗಬೇಕು ಎಂದಾಗ. 44, 117, 240 ಬದಿಗಳ ಆಯತಘನದಲ್ಲಿ ಮುಖಗಳ ಕರ್ಣಗಳು 125, 244, 267, ಮೂರೂ ಪೂರ್ಣಸಂಖ್ಯೆಗಳು. ಇಂಥವುಗಳಲ್ಲಿ ಅತಿ ಚಿಕ್ಕದಾದ ಇದನ್ನು 1719ರಲ್ಲಿ ಪೌಲ್ ಹಾಲ್ಕೆ ಕಂಡುಹಿಡಿದರು. ಆದರೆ ಅದರ ಒಳಗಿನ ಕರ್ಣದ ವರ್ಗ 73225. 270ರ ವರ್ಗ 72900, 271ರ ವರ್ಗ 73441, ನಡುವೆ ಸಿಕ್ಕಿಕೊಂಡಿತು. ಮೂರು ಬದಿ, ಮೂರು ಮುಖಕರ್ಣ, ಒಳಗಿನ ಕರ್ಣ, ಏಳೂ ಪೂರ್ಣಸಂಖ್ಯೆಗಳಾಗಿರುವ ಆಯತಘನ ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ, ಅಂಥದ್ದು ಇರಲಾರದು ಎಂದು ಯಾರೂ ಸಾಧಿಸಿಯೂ ಇಲ್ಲ.